ಸೂತಕದ ಮನೆಯ ರೀಚಾರ್ಜು

ಬ್ಯಾಂಕಿನಿಂದ ಬರುವ ಮೆಸೇಜುಗಳನ್ನು ಸಾಮಾನ್ಯವಾಗಿ ನಾನು ಓದುವುದಿಲ್ಲ. ಆವತ್ತು ಸಿರುಗುಪ್ಪದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಿದ್ದೆ, ಒಂದು ಮೆಸೇಜು ಬಂತು, ಸುಮ್ಮನೆ ಓದಿದೆ. ಡಿಶ್ ಟಿ.ವಿ.ಯ ರೀಚಾರ್ಜಿಗೆ ನಾಳೆ ನಿಮ್ಮ ಖಾತೆಯಿಂದ ತಾನಾಗಿಯೇ ಹಣ ಕಡಿತವಾಗುತ್ತದೆ ಎಂದಿತ್ತು. ಬಾಯಿಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಆ ರೀಚಾರ್ಜನ್ನು ನಿಲ್ಲಿಸಿ ತಿಂಗಳುಗಳಾಗಿದ್ದವು. ಹಾಗಂತ ನಾನು ತಿಳಿದಿದ್ದೆ.

ಅದು ಕುರುಗೋಡಿನ ನಮ್ಮ ಅತ್ತೆಯ ಮನೆಯ ಟಿ.ವಿ.ಯದು. ಅಲ್ಲಿ ಅತ್ತೆ ನನ್ನ ಮೈದುನನ ಸಂಸಾರದ ಜೊತೆ ಇದ್ದಾರೆ. ಮಾವನವರು ಹಾಸಿಗೆ ಹಿಡಿದಿದ್ದಾಗ ರೀಚಾರ್ಜು ಮಾಡಿಸುವುದನ್ನು ಎಲ್ಲರೂ ಮರೆಯುತ್ತಿದ್ದರು, ಅವರು ಖಾಲಿ ಪರದೆ ನೋಡುತ್ತ ಮಲಗಿರುತ್ತಿದ್ದರು. ನೋಡಲಾಗದೆ ನನ್ನ ಫೋನಿನ ಪೇಮೆಂಟ್ ಆ್ಯಪಿನಲ್ಲಿ ಆಟೋಪೇ ಹಾಕಿದೆ. ಪಿನ್ ಒತ್ತಿ ಒಮ್ಮೆ ಒಪ್ಪಿಗೆ ಕೊಟ್ಟರೆ ಸಾಕು, ತಿಂಗಳು ತಿಂಗಳೂ ನನ್ನ ಸಂಬಳದ ಖಾತೆಯಿಂದ ಅದೇ ಹೋಗುತ್ತಿತ್ತು.

ಮಾವನವರು ಲಿಂಗೈಕ್ಯರಾದರು. ಶಿವಗಣಾರಾಧನೆ ಮುಗಿದು ನೆಂಟರು ಎದ್ದು ಹೋಗುವ ಹೊತ್ತಿಗೆ ಮೈದುನ ಪಡಸಾಲೆಯಲ್ಲಿ ನಿಂತು, ಸೂತಕದ ಮನೆ, ಇನ್ನು ವರ್ಷದ ತನಕ ಇಲ್ಲಿ ಟಿ.ವಿ. ಹಚ್ಚಬಾರದು ಎಂದು ಸಾರಿದ. ನಾನು ಅವನ ಮುಖ ನೋಡಿದೆ. ಲಿಂಗ ಕಟ್ಟಿದ ಮೈಗೆ ಸೂತಕವಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದ ಮನೆತನ ನಮ್ಮದು. ಈ ಮಹಾನುಭಾವ ಎಂದೂ ನೆಟ್ಟಗೆ ಲಿಂಗಪೂಜೆಗೆ ಕೂತವನಲ್ಲ. ಆದರೆ ಸಾವಿನ ಮನೆಯಲ್ಲಿ ಯಾರು ವಾದಕ್ಕಿಳಿಯುತ್ತಾರೆ? ಅತ್ತೆ ತಮ್ಮ ಹಳೇ ಸೀರೆಯ ತುಂಡೊಂದನ್ನು ಟಿ.ವಿ. ಮೇಲೆ ಹೊದಿಸಿದರು. ಅವರಿಗೆ ಕಣ್ಣು ಮಂಜು. ಬೆಳಿಗ್ಗೆ ವಚನಗಾಯನ, ಮಧ್ಯಾಹ್ನ ಧಾರಾವಾಹಿ, ಎಲ್ಲವನ್ನೂ ಕೇಳಿಯೇ ದಿನ ಕಳೆಯುತ್ತಿದ್ದರು. ಮನೆಯ ಮಿಕ್ಕವರಿಗೆ ಕೈಗೊಂದು ಫೋನಿತ್ತು, ಅವರ ಸೂತಕ ಫೋನಿಗೆ ತಾಗಲಿಲ್ಲ.

ಸಿರುಗುಪ್ಪಕ್ಕೆ ವಾಪಸು ಬಂದು, ಹಾಗಾದರೆ ಆ ರೀಚಾರ್ಜನ್ನು ನಿಲ್ಲಿಸಬೇಕಲ್ಲ ಎಂದೆ. ನನ್ನ ಯಜಮಾನರು ಎಂದಿಲ್ಲದ ಉತ್ಸಾಹದಿಂದ ನನ್ನ ಫೋನು ಇಸಿದುಕೊಂಡು ಏನೋ ಒತ್ತಿ, ತೆಗೆದಿದ್ದೇನೆ ತಗೋ ಎಂದು ವಾಪಸು ಕೊಟ್ಟರು. ತೆಗೆದದ್ದು ಆಟೋಪೇಯನ್ನಲ್ಲ, ಆ್ಯಪನ್ನೇ. ದಿನದ ವ್ಯವಹಾರಕ್ಕೆ ನನಗೆ ಬೇರೆ ಆ್ಯಪಿತ್ತು, ಹಾಗಾಗಿ ಗಮನಕ್ಕೇ ಬರಲಿಲ್ಲ. ಫೋನಿನಿಂದ ಆ್ಯಪು ಕಿತ್ತು ಹಾಕಿದರೂ ಬ್ಯಾಂಕಿಗೆ ಕೊಟ್ಟ ಒಪ್ಪಿಗೆ ಹಾಗೇ ಉಳಿಯುತ್ತದೆ ಎಂಬುದು ನನಗೆ ತಿಳಿದದ್ದು ಆ ಸ್ಟಾಫ್ ರೂಮಿನಲ್ಲಿ.

ಆ್ಯಪನ್ನು ಮತ್ತೆ ಇಳಿಸಿಕೊಂಡೆ. ನಂಬರು ಖಾತ್ರಿಯಾಗಿ ಪ್ರೊಫೈಲಿನ ಒಳಗೆ ಆಟೋಪೇ ಸಿಕ್ಕಿತು, ಅದರಲ್ಲಿ ಡಿಶ್ ರೀಚಾರ್ಜು ಇನ್ನೂ ಚಾಲ್ತಿಯಲ್ಲಿತ್ತು. ಮಾವನವರು ಹೋದ ಮೇಲೂ ಒಂದು ತಿಂಗಳೂ ತಪ್ಪಿರಲಿಲ್ಲ. ಕೆಳಗೆ, ಸ್ವಲ್ಪ ಕಾಲ ತಡೆಯಲು ಒಂದು ಗುಂಡಿ, ಪೂರ್ತಿ ರದ್ದು ಮಾಡಲು ಇನ್ನೊಂದು. ಬೆರಳು ರದ್ದಿನ ಮೇಲೆ ಹೋಗಿ ನಿಂತಿತು. ಒಂದು ವೇಳೆ ಅತ್ತೆಗೆ ಟಿ.ವಿ. ಮತ್ತೆ ಹಚ್ಚಿ ಕೊಟ್ಟಿದ್ದರೆ? ನೋಡಿಕೊಂಡೇ ಒತ್ತೋಣ ಎಂದು ಬಿಟ್ಟೆ. ಮಾರನೇ ದಿನ ಹಣ ಹೋಯಿತು.

ಭಾನುವಾರ ಬಸ್ಸು ಹತ್ತಿ ಕುರುಗೋಡಿಗೆ ಹೋದೆ. ಟಿ.ವಿ.ಯ ಮೇಲೆ ಸೀರೆಯ ತುಂಡು ಹಾಗೇ ಇತ್ತು. ಎತ್ತಿ ನೋಡಿದರೆ ಕೆಳಗೆ ಡಿಶ್ಶಿನ ಬಾಕ್ಸೇ ಇಲ್ಲ. ಮಾಳಿಗೆ ಹತ್ತಿದೆ. ಡಿಶ್ಶಿನ ಛತ್ರಿ ಇದ್ದ ಜಾಗದಲ್ಲಿ ಬೋಲ್ಟುಗಳು ತುಕ್ಕು ಹಿಡಿಯುತ್ತಿದ್ದವು. ಕೆಳಗಿಳಿದು ಅತ್ತೆಯನ್ನು ಕೇಳಿದರೆ, ಸೂತಕದ ಮನೆಯಲ್ಲಿ ಇವು ಇರಬಾರದೆಂದು ಮಗನೇ ಒಯ್ದಿದ್ದಾನೆ ಎಂದರು. ಆಮೇಲೆ ಮೆಲ್ಲಗೆ ಕೇಳಿದರು, "ವರ್ಸ ಆಗಾಕ ಇನ್ನಾ ಬಾಳ ದಿನ ಐತೇನವಾ?"

ಅಲ್ಲಿಂದ ಸೀದಾ ಬಳ್ಳಾರಿಗೆ ಹೋದೆ. ಮೈದುನನ ಜೀನ್ಸ್ ಹೊಲಿಯುವ ಯೂನಿಟ್ಟು ಅಲ್ಲಿದೆ, ಆರ್ಡರು ಇದ್ದದ್ದರಿಂದ ಭಾನುವಾರವೂ ಮಷಿನ್ನುಗಳು ಓಡುತ್ತಿದ್ದವು. ಮಾಲು ನೋಡಲು ಬಂದವರು ಕೂಡುವ ಮುಂದಿನ ಕೋಣೆಯ ಗೋಡೆಗೆ ಹೊಸ ಟಿ.ವಿ., ಅದರಲ್ಲಿ ಕ್ರಿಕೆಟ್ಟು. ಕೆಳಗಿನ ಹಲಗೆಯ ಮೇಲೆ ನಮ್ಮ ಬಾಕ್ಸು. ಆಯುಧಪೂಜೆಯ ದಿನ ಮಾವನವರು ಮನೆಯ ಎಲ್ಲ ಯಂತ್ರಕ್ಕೂ ಬಳಿಯುತ್ತಿದ್ದ ವಿಭೂತಿಯ ಮೂರು ಬೆರಳಿನ ಗುರುತು ಅದರ ಮೇಲೆ ಇನ್ನೂ ಇತ್ತು. ನನಗೆ ಹೇಸಿಗೆಯಾಯಿತು. ಸತ್ತ ಅಪ್ಪನ ವಿಭೂತಿಯನ್ನು ಒರೆಸುವಷ್ಟು ನಾಚಿಕೆಯೂ ಇವನಿಗೆ ಇರಲಿಲ್ಲ.

ಮೈದುನ ಚಹಾ ತರಿಸಿದ. ಪಾರ್ಟಿಗಳು ಬಂದಾಗ ಟಿ.ವಿ. ಇರಬೇಕಾಗುತ್ತದೆ, ಅಲ್ಲಿ ಸುಮ್ಮನೆ ದೂಳು ತಿನ್ನುವ ಬದಲು ಇಲ್ಲಿ ಉಪಯೋಗಕ್ಕೆ ಬಂತು ಎಂದ. ಅಣ್ಣನಿಗೆ ಎಲ್ಲ ಗೊತ್ತಿದೆ ಎಂದೂ ಸೇರಿಸಿದ. ಆ ಚಹಾ ಕುಡಿಯುವುದಿರಲಿ, ಮುಟ್ಟಲೂ ಮನಸ್ಸಾಗಲಿಲ್ಲ. ಅವನ ಎದುರಿಗೇ ಫೋನು ತೆಗೆದು, ಆಟೋಪೇಗೆ ಹೋಗಿ ರದ್ದು ಒತ್ತಿ ಪಿನ್ ಹಾಕಿದೆ. ರದ್ದಾಯಿತೆಂದು ಬಂತು. ಟಿ.ವಿ.ಯಲ್ಲಿ ಯಾರೋ ಸಿಕ್ಸರ್ ಹೊಡೆದರು.

"ಬಂದ್ ಆಗ್ಲೇ ಇಲ್ಲಲ್ಲ ಅತ್ತಿಗಿ," ಎಂದು ನಕ್ಕ.

ಈ ತಿಂಗಳದ್ದು ಆಗಲೇ ಹೋಗಿತ್ತು, ಅದು ಮುಗಿಯುವ ತನಕ ಚಾನೆಲ್ಲುಗಳು ಬರುತ್ತವೆ. "ಮುಂದಿಂದು ನೀನ ಹಾಕ್ಸು," ಎಂದು ಎದ್ದು ಬಂದೆ. ಬಾಕ್ಸನ್ನು ಕಿತ್ತುಕೊಂಡು ಬರಬೇಕಿತ್ತು. ಅಷ್ಟು ಮಂದಿ ಟೇಲರುಗಳ ಮುಂದೆ ಸೊಸೆಯಾದವಳು ವೈರು ಜಗ್ಗುವುದು ನನ್ನಿಂದಾಗಲಿಲ್ಲ.

ಮನೆಗೆ ಬಂದು ಯಜಮಾನರನ್ನು ಕೇಳಿದೆ. ಅವರು ಅಲ್ಲಗಳೆಯಲಿಲ್ಲ. ಬಾಕ್ಸು ಒಯ್ಯುತ್ತೇನೆಂದು ತಮ್ಮ ಮೊದಲೇ ಹೇಳಿದ್ದನಂತೆ, ರೀಚಾರ್ಜು ನಿಂತು ಅವನಿಗೂ ನನಗೂ ಜಗಳವಾಗದಿರಲಿ ಎಂದು ಆ್ಯಪು ತೆಗೆದರಂತೆ, ಹಣವೇನು ಮಹಾ ಅಂತೆ. ನನ್ನನ್ನು ಕುರುಡಿ ಮಾಡಿ ಕಾಪಾಡಿದ ಶಾಂತಿ ಅದು. ಹಣಕ್ಕಾಗಿ ನಾನು ಉರಿಯುತ್ತಿಲ್ಲ, ನಿಮ್ಮ ತಾಯಿ ಮುಸುಕು ಹಾಕಿದ ಟಿ.ವಿ. ಮುಂದೆ ವರ್ಷ ತುಂಬುವುದನ್ನು ಕಾಯುತ್ತ ಕೂತಿದ್ದಾರೆ ಎಂದೆ. ಅವರು ಪೇಪರು ಬಿಡಿಸಿಕೊಂಡರು.

ಪ್ಯಾಕು ಮುಗಿಯುವ ದಿನ ಬಂತು. ಮೈದುನ ತನ್ನ ಜೇಬಿಗೆ ಕೈ ಹಾಕುತ್ತಾನೆಂದು ನಾನು ಎಣಿಸಿದ್ದೆ, ಅವನನ್ನು ಅಷ್ಟಾದರೂ ದೊಡ್ಡವನೆಂದು ತಿಳಿದದ್ದು ನನ್ನ ದಡ್ಡತನ. ಯೂನಿಟ್ಟಿನ ಟಿ.ವಿ. ಖಾಲಿಯಾದ ಮರುದಿನವೇ ಬಾಕ್ಸೂ ಛತ್ರಿಯೂ ಕುರುಗೋಡಿಗೆ ವಾಪಸು ಬಂದವು. ವರ್ಷ ಅರ್ಧವೂ ಕಳೆದಿರಲಿಲ್ಲ. ಅತ್ತೆ ಫೋನು ಮಾಡಿಸಿ, ಸೂತಕ ಕಳೆಯಿತೆಂದು ಮಗ ಹೇಳಿದ್ದಾನೆ, ಆದರೆ ಟಿ.ವಿ.ಯಲ್ಲಿ ಏನೂ ಬರುತ್ತಿಲ್ಲ ಎಂದರು. ಕೂತಲ್ಲಿಂದಲೇ ರೀಚಾರ್ಜು ಮಾಡಿದೆ. ಪ್ರತಿ ತಿಂಗಳೂ ತಾನಾಗಿ ಕಟ್ಟಲೇ ಎಂದು ಆ್ಯಪು ಕೇಳಿತು, ಬೇಡವೆಂದೆ. ಈಗಲೂ ತಿಂಗಳಿಗೊಮ್ಮೆ ಅತ್ತೆಗೆ ಫೋನು ಮಾಡಿ, ಟಿ.ವಿ.ಯ ದನಿ ಹಿಂದಿನಿಂದ ಕೇಳಿದ ಮೇಲೆಯೇ ಕೈಯಾರೆ ಹಾಕುತ್ತೇನೆ.

ಆ ಮೊದಲ ರೀಚಾರ್ಜಿನ ಮರುಭಾನುವಾರ ಕುರುಗೋಡಿಗೆ ಹೋದಾಗ ಸೀರೆಯ ತುಂಡು ಮಡಚಿ ಪಕ್ಕದಲ್ಲಿತ್ತು, ಟಿ.ವಿ.ಯಲ್ಲಿ ವಚನ ಹಾಡುತ್ತಿದ್ದರು. ಮೈದುನ ಹೊರಗೆ ಹೋಗಿದ್ದ. ತಡೆಯಲಾಗದೆ, ನಮ್ಮವರಲ್ಲಿ ಸೂತಕ ಎಲ್ಲಿಯದು ಅತ್ತಿ, ಆಗಲೇ ನೀವು ಒಂದು ಮಾತು ಕೇಳಬಾರದಿತ್ತೇ ಎಂದೆ. ಅತ್ತೆ ಕೊರಳಿನ ಲಿಂಗವನ್ನು ಮುಟ್ಟಿಕೊಂಡರು.

"ನನಗ ಗೊತ್ತಿಲ್ಲೇನವಾ? ಹೊಟ್ಯಾಗ ಹುಟ್ಟಿದ ಮಗ ಅಪ್ಪನ ಸಾವು ಮುಂದ ಮಾಡಿ ಸುಳ್ಳು ಹೇಳ್ತಾನ ಅನ್ನೋದಕಿಂತ, ಸೂತಕ ಐತಿ ಅನ್ನೋದ ಹಗುರ ಅನಿಸ್ತು."

ಎಂದವರು ರಿಮೋಟು ತಡವಿ ದನಿ ಏರಿಸಿದರು.