ನಿಂತ ಜಾಗದಲ್ಲೇ ಮರ್ಯಾದೆ

ನಮ್ಮ ಕಡೆಯ ಮಂದಿಗೆ ವಿನಯ ಸಾಲದು ಎಂದು ಯಾರೂ ಹೇಳುವಂತಿಲ್ಲ. ನಾನಿರುವ ಮಾನ್ವಿಯಲ್ಲಿ ಬಸ್ ಸ್ಟ್ಯಾಂಡಿನ ಎದುರು ಆಂಬುಲೆನ್ಸಿನ ಸದ್ದು ಕೇಳಿತೆಂದರೆ ಸಾಕು, ಇಡೀ ಬಜಾರ ಸ್ತಬ್ಧವಾಗುತ್ತದೆ. ಬೈಕಿನವನು ಕಾಲು ಊರುತ್ತಾನೆ. ಭತ್ತದ ಟ್ರ್ಯಾಕ್ಟರಿನವನು ಬ್ರೇಕು ಒತ್ತುತ್ತಾನೆ. ದಾಟುತ್ತಿದ್ದ ಹಿರಿಯರು ನಡುರಸ್ತೆಯಲ್ಲೇ ಚಪ್ಪಲಿ ಬಿಟ್ಟು, ಟೊಪ್ಪಿಗೆ ತೆಗೆದು, "ಯಾರಿಗೇನಾತೋ ಪಾಪ" ಎಂದು ಕೈ ಮುಗಿಯುತ್ತಾರೆ. ಹೆಣದ ಮೆರವಣಿಗೆ ಎದುರಾದರೆ ನಿಲ್ಲಬೇಕೆಂಬುದು ಅಜ್ಜ ಮುತ್ತಜ್ಜರ ಕಾಲದ ರೂಢಿ. ಆಂಬುಲೆನ್ಸೂ ಅದರ ಹತ್ತಿರದ ಬಂಧುವೇ ಎಂದು ನಮ್ಮವರು ತಿಳಿದಿದ್ದಾರೆ. ಹೀಗಾಗಿ ಎಲ್ಲರೂ ಅತ್ಯಂತ ಭಕ್ತಿಯಿಂದ, ತಾವು ನಿಂತ ಜಾಗದಲ್ಲೇ ನಿಲ್ಲುತ್ತಾರೆ. ಇದರಲ್ಲೇನೋ ಕೊರತೆ ಇದೆ ಎಂದು ನನಗೆ ಹೊಳೆದದ್ದು ಆ ಗಾಡಿಯ ಒಳಗೆ ಕೂತಾಗ.

ಅಣ್ಣನಿಗೆ ದೇವದುರ್ಗದಲ್ಲಿ ಬೆಳಿಗ್ಗೆ ಎದೆ ನೋವು ಬಂತು. ಅವನನ್ನು ನೋಡಲೆಂದೇ ಹಿಂದಿನ ದಿನ ಅಲ್ಲಿಗೆ ಹೋಗಿದ್ದೆ. ಹುಳಿತೇಗು ಎಂದು ಅವನು ವಾದಿಸಿದ. ಅತ್ತಿಗೆ ಜೀರಿಗೆ ನೀರು ಕೊಟ್ಟಳು. ಬೆವರು ಅಂಗಿಯನ್ನು ತೋಯಿಸಿದ ಮೇಲೆ ಇಬ್ಬರೂ ವಾದ ಬಿಟ್ಟರು. ತಾಲ್ಲೂಕು ದವಾಖಾನೆಯ ಡಾಕ್ಟರು ಎದೆಗೆ ತಂತಿ ಹಚ್ಚಿ ಪಟ್ಟಿ ತೆಗೆದು ನೋಡಿ, ಗುಳಿಗೆ ಅಗಿಯಲು ಕೊಟ್ಟು, "ಹೃದಯದ ರಕ್ತನಾಳ ಕಟ್ಟಿದೆ. ರಾಯಚೂರಿನಲ್ಲಿ ಅದನ್ನ ತೆರೀತಾರೆ, ಅಲ್ಲಿಗೆ ಹೇಳಿದ್ದೀನಿ. ತಡ ಆದಷ್ಟೂ ಹೃದಯದ ಮಾಂಸ ಸಾಯ್ತಾ ಹೋಗುತ್ತೆ, ಎಲ್ಲೂ ನಿಲ್ಲಬೇಡಿ" ಎಂದರು. ಎಲ್ಲೂ ನಿಲ್ಲುವ ಉದ್ದೇಶ ನಮಗೂ ಇರಲಿಲ್ಲ.

ಆಂಬುಲೆನ್ಸಿನಲ್ಲಿ ಅಣ್ಣನ ಬಳಿ ಹಿಂದೆ ಅತ್ತಿಗೆ ಮತ್ತು ನರ್ಸಮ್ಮ. ಮುಂದೆ ಡ್ರೈವರನ ಪಕ್ಕ ನಾನು. ದಾರಿಯುದ್ದಕ್ಕೂ ಹೊಲಗಳಲ್ಲಿ ಹತ್ತಿ ಬಿಡಿಸುತ್ತಿದ್ದರು. ಗಾಡಿ ಓಡುವಷ್ಟು ಹೊತ್ತು ನನಗೂ ಧೈರ್ಯವಿತ್ತು. ತಲೆಯ ಮೇಲೆ ದೀಪ ತಿರುಗುತ್ತಿದ್ದರೆ, ಸೈರನ್ ಕೂಗುತ್ತಿದ್ದರೆ, ಮನುಷ್ಯನಿಗೆ ತಾನು ರಾಜ್ಯದ ಏನೋ ಒಂದು ಅಂಗ ಎಂಬ ಭ್ರಮೆ ಬರುತ್ತದೆ.

ರಾಯಚೂರಿನ ಅಂಚಿಗೆ ಬಂದಾಗ ಆ ಭ್ರಮೆಗೆ ಮೊದಲ ಪೆಟ್ಟು ಬಿತ್ತು. ಹಿಂದಿನಿಂದ ಇನ್ನೊಂದು ಸೈರನ್ ಕೇಳಿತು. ನಮ್ಮ ಡ್ರೈವರ ಕನ್ನಡಿ ನೋಡಿ, ಗಾಡಿಯನ್ನು ಎಡಕ್ಕೆ ಒತ್ತಿ ನಿಲ್ಲಿಸಿಯೇಬಿಟ್ಟ. ಕೆಂಪು ಬಣ್ಣದ ಫೈರ್ ಇಂಜಿನ್ ಗಂಟೆ ಹೊಡೆಯುತ್ತ ನಮ್ಮನ್ನು ದಾಟಿತು.

"ನಾವ ಆಂಬುಲೆನ್ಸ್ ಅಲ್ಲೇನಪಾ? ನಾವ್ಯಾಕ ನಿಂತ್ವಿ?" ಎಂದೆ.

"ಅದೂ ಅರ್ಜೆಂಟ್ ಗಾಡಿನ ಕಾಕಾ. ಇಬ್ರೂ ಕೂಡಿದ್ರ ಮೊದಲು ಬೆಂಕಿ ಗಾಡಿ, ಆಮ್ಯಾಲ ನಾವು, ನಮ್ಮ ಹಿಂದ ಪೊಲೀಸ್ ಗಾಡಿ. ನಿಯಮ ಹಂಗ ಅದ. ಮಿಲ್ಲಿನ್ಯಾಗ ಹತ್ತಿಗೆ ಬೆಂಕಿ ಬಿದ್ದಿರಬೇಕು."

ಹಿಂದಿನ ಕಿಂಡಿಯಿಂದ ಅತ್ತಿಗೆ, "ಯಾಕ ನಿಂತಿರಿ?" ಎಂದಳು. ಮರ್ಯಾದೆ ಕೊಡಲಿಕ್ಕೆ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಫೈರ್ ಇಂಜಿನ್ ಸೀಳಿಕೊಂಡು ಹೋದ ಹಾದಿ ಹಾಗೇ ತೆರೆದಿರುತ್ತದೆ, ಅದರ ಬೆನ್ನಿಗೆ ನಾವೂ ಹೋಗುತ್ತೇವೆ ಎಂದುಕೊಂಡಿದ್ದೆ. ಈ ಲೆಕ್ಕಾಚಾರ ಊರಿನ ಎಲ್ಲ ಬೈಕುಗಳಿಗೂ ಹೊಳೆದಿತ್ತು. ಅದು ಮುಂದೆ ಹೋದದ್ದೇ ತಡ, ಬದಿಗೆ ಸರಿದಿದ್ದ ಬೈಕು, ಆಟೋ, ಟಂಟಂಗಳೆಲ್ಲ ಅದರ ಬಾಲ ಹಿಡಿದವು. ಕೆಲವರಿಗೆ ಬೇಗ ಹೋಗುವ ಆಸೆ, ಕೆಲವರಿಗೆ ಬೆಂಕಿ ನೋಡುವ ಆಸೆ. ತುರ್ತು ಗಾಡಿಯ ಹಿಂದೆ ಅಂಟಿಕೊಂಡು ಹೋಗಬಾರದು, ದೂರ ಬಿಟ್ಟು ನಡೆಯಬೇಕು ಎಂದು ಡ್ರೈವರ ಗೊಣಗಿದ. ಅಷ್ಟರಲ್ಲಿ ಮುಂದಿನ ಚೌಕದ ಸಿಗ್ನಲ್ ಕೆಂಪಾಗಿ, ಅರ್ಧ ಮಂದಿ ಬೆಂಕಿಯ ಕಡೆಗೆ ದಾಟಿಹೋದರು, ಅರ್ಧ ಮಂದಿ ನಮ್ಮ ಮುಂದೆ ಉಳಿದರು. ಆ ಉಳಿದವರ ನಡುವೆ ಹತ್ತಿ ಹೇರಿದ ಒಂದು ಟ್ರ್ಯಾಕ್ಟರ್. ಅದರ ಹೊಟ್ಟೆ ಎರಡೂ ಬದಿಗೆ ಉಬ್ಬಿ, ರಸ್ತೆಯನ್ನು ತಾನೇ ಗುತ್ತಿಗೆ ಹಿಡಿದಂತಿತ್ತು.

ಸೈರನ್ ಜೋರಾಯಿತು. ಕೂಡಲೇ ಮಾನ್ವಿಯಲ್ಲಿ ಕಂಡದ್ದೇ ಇಲ್ಲೂ ಆಯಿತು. ಎಲ್ಲರೂ ನಿಂತರು. ನಿಧಾನಕ್ಕೆ ಮುಂದೆ ಸರಿಯುತ್ತಿದ್ದವರೂ ನಿಂತರು. ಬಾಳೆಹಣ್ಣಿನ ಬಂಡಿಯವನು ಬಂಡಿಯ ಹಿಡಿಕೆ ಬಿಟ್ಟು ಕೈ ಜೋಡಿಸಿದ. ಒಬ್ಬ ಮುದುಕರು ನಮ್ಮ ಗಾಡಿಯ ಮೂತಿಯೆದುರೇ ಚಪ್ಪಲಿ ಬಿಟ್ಟು ಕಣ್ಣು ಮುಚ್ಚಿದರು.

"ಯಜ್ಜಾ, ಚಪ್ಪಲಿ ಮೆಟ್ಕೊಂಡು ಆಕಡಿ ಹೋಗ್ರಿ. ಒಳಗಿನ ಮನುಷ್ಯಾ ಇನ್ನಾ ಜೀವಂತ ಅದಾನ" ಎಂದ ಡ್ರೈವರ.

"ಅದಕ್ಕ ದೇವರನ್ನ ನೆನಿಯಾಕತ್ತೀನಪಾ" ಎಂದರು ಮುದುಕರು, ಕಣ್ಣು ತೆರೆಯದೆ.

ಹಿಂದಿನಿಂದ ಅಣ್ಣನ ನರಳಿಕೆ ಕೇಳಿತು. ನರ್ಸಮ್ಮ ಕಿಂಡಿಗೆ ಮುಖ ತಂದು, "ಬಿ.ಪಿ. ಇಳಿಯಾಕತ್ತದ ಡ್ರೈವರಣ್ಣಾ, ಹೆಂಗರ ಮಾಡಿ ಗಾಡಿ ಹೊಡೀರಿ" ಎಂದಳು. ಡ್ರೈವರ ಬಾಗಿಲಿನ ಪಕ್ಕದ ಮೈಕು ಕಿತ್ತು ನನ್ನ ಕೈಗೆ ಕೊಟ್ಟ. "ಕಾಕಾ, ನೀವು ಹೇಳ್ರಿ, ನಾ ಸ್ಟೇರಿಂಗ್ ನೋಡ್ತೀನಿ."

ಸಾರ್ವಜನಿಕ ಭಾಷಣದ ಅವಕಾಶ ನನಗೆ ಈ ವಯಸ್ಸಿನಲ್ಲಿ, ಹೀಗೆ ಒದಗುತ್ತದೆ ಎಂದು ಎಣಿಸಿರಲಿಲ್ಲ. "ಮಾನ್ಯ ನಾಗರಿಕರಲ್ಲಿ ವಿನಂತಿ" ಎಂದು ಆರಂಭಿಸಿದೆ. ಜನ ಕತ್ತೆತ್ತಿ ಕೇಳತೊಡಗಿದರು. ಚುನಾವಣೆ ಬಂತೇನು ಎಂಬ ಗುಮಾನಿ ಕೆಲವರ ಮುಖದಲ್ಲಿತ್ತು. ನನ್ನ ಕಣ್ಣಿಗೆ ಬಲಗಡೆ ಒಂದಿಷ್ಟು ಜಾಗ ಕಂಡಿತು. "ದಯಮಾಡಿ ಎಲ್ಲರೂ ಬಲಕ್ಕೆ ಸರಿಯಬೇಕು" ಎಂದೆ.

"ಎಡಕ್ಕ ಅನ್ರಿ ಕಾಕಾ, ಎಡಕ್ಕ! ಬಲಕ್ಕ ಸರದ್ರ ನಾವು ಎಲ್ಲಿಂದ ಹೋಗೂದು?"

"ಎಡಕ್ಕೆ" ಎಂದು ತಿದ್ದಿದೆ. ಆ ಹೊತ್ತಿಗೆ ನನ್ನ ಮೊದಲ ಆಜ್ಞೆಯನ್ನು ಪಾಲಿಸಿದವರು ಬಲಕ್ಕೂ ಎರಡನೆಯದನ್ನು ಪಾಲಿಸಿದವರು ಎಡಕ್ಕೂ ಹೊರಟಿದ್ದರು. ಇಬ್ಬರೂ ನಡುವೆ ಕೂಡಿದರು. ಎರಡು ಬೈಕುಗಳ ಹ್ಯಾಂಡಲ್ ಒಂದಕ್ಕೊಂದು ತೊಡರಿಕೊಂಡವು. "ಏ, ಸ್ಪೀಕರಿನ್ಯಾಗ ಎಡಕ್ಕ ಅಂದಾರ!" "ಮೊದಲ ಬಲಕ್ಕ ಅಂದಾರ, ಕಿವಿ ಅದಾವೇನಲೇ ನಿನಗ?" ಎಂದು ವಾಗ್ವಾದ ಹತ್ತಿತು. ನನ್ನ ಮಾತಿಗೆ ಇಷ್ಟು ನಿಷ್ಠಾವಂತ ಅನುಯಾಯಿಗಳು ಅದಕ್ಕೂ ಮೊದಲು ಇರಲಿಲ್ಲ, ಆಮೇಲೂ ಇಲ್ಲ.

ಮೈಕು ಇಟ್ಟು ಕೆಳಗಿಳಿದು ಸಿಗ್ನಲ್ಲಿನ ಮೊದಲ ಸಾಲಿಗೆ ಓಡಿದೆ. ಅಲ್ಲಿ ಒಂದು ಆಟೋ, ಒಂದು ಕಾರು, ಅವುಗಳ ಹಿಂದೆ ಆ ಹತ್ತಿಯ ಟ್ರ್ಯಾಕ್ಟರ್.

"ಮುಂದ ತಗಿಯಪಾ, ಹಿಂದ ಪೇಷಂಟ್ ಅದಾನ" ಎಂದೆ ಆಟೋದವನಿಗೆ.

ಅವನು ಬೆರಳೆತ್ತಿ ಕಂಬದ ಮೇಲಿನ ಕ್ಯಾಮೆರಾ ತೋರಿಸಿದ. "ಕೆಂಪು ದಾಟಿದ್ರ ಅದು ಫೋಟೋ ತಗೀತದ ರೀ. ದಂಡ ನೀವು ಕಟ್ತೀರೇನು?"

"ಆಂಬುಲೆನ್ಸಿಗೆ ದಾರಿ ಬಿಡದಿದ್ರೂ ದಂಡ ಅದ. ಜೈಲೂ ಆಗಬಹುದು."

"ದಾಟಿದ್ರೂ ದಂಡ, ದಾಟದಿದ್ರೂ ದಂಡ ಅಂದ್ರ ನಾ ಆಟೋನ ತಲಿ ಮ್ಯಾಲ ಎತ್ತಿಗೊಳ್ಳಲೇನು?"

ಅವನ ಪ್ರಶ್ನೆ ನ್ಯಾಯವಾದದ್ದೇ. ಒಂದು ಕಾನೂನು ನಿಲ್ಲು ಎನ್ನುತ್ತದೆ, ಇನ್ನೊಂದು ಬದಿಗೆ ಸರಿ ಎನ್ನುತ್ತದೆ. ನಡುವೆ ನನ್ನ ಅಣ್ಣ ಮಲಗಿದ್ದಾನೆ. ಪಕ್ಕದ ಕಾರಿನ ಕಡೆ ತಿರುಗಿದೆ. ಕಾರಿನವನು ಗಾಜು ಏರಿಸಿಕೊಂಡ.

ಅಷ್ಟರಲ್ಲಿ ಫೈರ್ ಇಂಜಿನ್ನಿಗೆ ಹಾದಿ ಮಾಡಲು ಹೋಗಿದ್ದ ಟ್ರಾಫಿಕ್ ಹವಾಲ್ದಾರರು ಚೌಕದ ಆಚೆಯಿಂದ ಬಂದರು. ಬೆವರು ಸುರಿಯುತ್ತಿತ್ತು. ನಾನು ಅವರ ಮುಂದೆ ಎರಡು ಕಾನೂನುಗಳ ವೈರುಧ್ಯವನ್ನು ಮಂಡಿಸತೊಡಗಿದೆ.

"ನೀವು ಮೊದಲು ರಸ್ತಾ ಬಿಡ್ರಿ ಯಜಮಾನ್ರ" ಎಂದರು ಅವರು.

ನಾನೇ ನಡುರಸ್ತೆಯಲ್ಲಿ ನಿಂತಿದ್ದೆ. ಸರಿದೆ.

ಅವರು ಅಡ್ಡರಸ್ತೆಯ ಗಾಡಿಗಳಿಗೆ ಅಂಗೈ ಅಡ್ಡ ಹಿಡಿದು ನಿಲ್ಲಿಸಿದರು. ಚೌಕ ಬರಿದಾಯಿತು. ಆಮೇಲೆ ಮೊದಲ ಸಾಲಿಗೆ ಕೈ ಬೀಸಿದರು. ಆಟೋದವನು ಮತ್ತೆ ಕ್ಯಾಮೆರಾ ತೋರಿಸಿದ.

"ನಾ ಕೈ ಮಾಡಿನಿ ಅಂದ್ರ ದೀಪ ಯಾವ ಬಣ್ಣ ಇದ್ರೂ ನಡಿಬೇಕು. ತಾನಾಗೇ ಕೆಂಪು ಹಾರಿದ್ರ ತಪ್ಪು, ಪೊಲೀಸ ಕರದ್ರ ತಪ್ಪಲ್ಲ. ದಾಟಿ ಎಡಕ್ಕ ಹಾಕಿ ನಿಲ್ಲು. ಫೋಟೋ ಬಂದ್ರ ನನ್ನ ಹೆಸರು ಹೇಳು, ನಡಿ."

"ನಿಮ್ಮ ಹೆಸರೇನ್ರಿ?"

"ನಡಿಯಲೇ ಅಂದ್ರ."

ಆಟೋ ಹೋಯಿತು, ಕಾರು ಹೋಯಿತು. ಹತ್ತಿಯ ಟ್ರ್ಯಾಕ್ಟರು ಎಡಕ್ಕೂ ಸರಿಯದು, ಹಿಂದಕ್ಕೂ ಬಾರದು. ಅದು ಮುಂದಕ್ಕಷ್ಟೇ ಹೋಗುವ ಜೀವಿ. ಅದನ್ನೂ ಚೌಕ ದಾಟಿಸಿ ಆಚೆಯ ಅಗಲ ಜಾಗದಲ್ಲಿ ಎಡಬದಿಗೆ ನಿಲ್ಲಿಸಿದರು. ಈಚೆ ಉಳಿದವರಿಗೆ, "ಒಬ್ರ ಹಿಂದ ಒಬ್ರು ಎಡಕ್ಕ ಸರೀರಿ, ಫುಟ್‌ಪಾತಿನ ಮ್ಯಾಲ ಹತ್ತಬ್ಯಾಡ್ರಿ, ಅಲ್ಲಿ ಮಂದಿ ಅದಾರ" ಎಂದು ಕೂಗಿದರು. ಜನ ಎಡಕ್ಕೆ ಸರಿದರು. ಕಣ್ಣು ಮುಚ್ಚಿದ ಮುದುಕರನ್ನು ಬಾಳೆಹಣ್ಣಿನವನು ರಟ್ಟೆ ಹಿಡಿದು ಬದಿಗೆ ಕರೆದೊಯ್ದ. ಬಲಗಡೆ ನಮ್ಮ ಗಾಡಿಯಗಲದ ಒಂದು ಓಣಿ ತೆರೆಯಿತು.

ನಾನು ಓಡಿ ಹತ್ತಿಕೊಂಡೆ. ಡ್ರೈವರ ಚೌಕದಲ್ಲಿ ಒಮ್ಮೆ ವೇಗ ತಗ್ಗಿಸಿ ಎರಡೂ ಕಡೆ ನೋಡಿ, ಆಮೇಲೆ ಹೊಡೆದ. ನಮಗೆ ಕೆಂಪು ದಾಟುವ ಸವಲತ್ತು ಇದ್ದರೂ ಕಣ್ಣು ಮುಚ್ಚಿ ದಾಟುವಂತಿಲ್ಲವಂತೆ. ನಮ್ಮ ಬಾಲ ಹಿಡಿಯಲು ಹೊರಟ ಬೈಕುಗಳನ್ನು ಹವಾಲ್ದಾರರು ಅಡ್ಡ ನಿಂತು ತಡೆದದ್ದು ಕನ್ನಡಿಯಲ್ಲಿ ಕಂಡಿತು.

ದವಾಖಾನೆಯಲ್ಲಿ ಅಣ್ಣನನ್ನು ಗಾಲಿಮಂಚದ ಮೇಲೆ ನೇರ ಒಳಗೆ ಒಯ್ದರು. ಅತ್ತಿಗೆ ಅವನ ಚಪ್ಪಲಿಗಳನ್ನು ಎದೆಗವಚಿಕೊಂಡು ಬಾಗಿಲ ಬಳಿ ಕೂತಳು. ನಾನು ಅತ್ತಿತ್ತ ತಿರುಗಿದೆ. ತಿರುಗುವಾಗಲೂ ಎಡಗಡೆಯ ಗೋಡೆಗೆ ಒತ್ತಿಕೊಂಡೇ ತಿರುಗುತ್ತಿದ್ದೆ ಎಂಬುದು ಸ್ವಲ್ಪ ಹೊತ್ತಿನ ಮೇಲೆ ಗಮನಕ್ಕೆ ಬಂತು. ಡಾಕ್ಟರು ಹೊರಬಂದು, "ನಾಳ ತೆರೆದಿದ್ದೀವಿ. ಒಂದಿಷ್ಟು ಮಾಂಸ ಸೋತಿದೆ, ಉಳಿದದ್ದು ಚೆನ್ನಾಗಿದೆ. ಇನ್ನೂ ತಡ ಆಗಿದ್ದರೆ ಕಷ್ಟ ಇತ್ತು" ಎಂದರು. ಆ ಸೋತ ಒಂದಿಷ್ಟು ನನ್ನ 'ಬಲಕ್ಕೆ' ಎಂಬ ಮಾತಿನ ಪಾಲೋ, ಬೈಕಿನವರ ಪಾಲೋ, ಜೀರಿಗೆ ನೀರಿನ ಪಾಲೋ ಕೇಳಬೇಕೆನಿಸಿತು. ಡಾಕ್ಟರಿಗೆ ಬೇರೆ ಕೆಲಸವಿತ್ತು.

ಸಂಜೆ ಅಣ್ಣನನ್ನು ನೋಡಲು ಒಳಗೆ ಬಿಟ್ಟರು. ಮುಖ ಸುಣ್ಣದಂತಿತ್ತು, ದನಿಯಲ್ಲಿ ಮಾತ್ರ ಹಳೆಯ ತಕರಾರು ಮರಳಿತ್ತು.

"ಲೇ ತಮ್ಮಾ, ಗಾಡಿ ಅಷ್ಟು ಹೊತ್ತು ಯಾಕ ನಿಂತಿತ್ತು?"

"ಮುಂದ ಮಂದಿ ನಿಂತಿದ್ರು."

"ಅವರ್ಯಾಕ ನಿಂತಿದ್ರು?"

"ನಮಗ ದಾರಿ ಬಿಡಾಕ."

ಅಣ್ಣ ತನ್ನ ಹಣೆ ಮುಟ್ಟಿ ನೋಡಿಕೊಂಡ. ನಂತರ, "ಡಾಕ್ಟರನ್ನ ಕರಿ, ನನಗ ಇನ್ನೂ ತಲಿ ಸರಿ ಆಗಿಲ್ಲ" ಎಂದ.