ನಿಮಿಷದಣ್ಣನ ಚೀಟಿ

ಆಸ್ಪತ್ರೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ದೊಡ್ಡ ಡಾಕ್ಟರಮ್ಮನಿಂದ ಹಿಡಿದು ನೆಲ ಒರೆಸುವವಳವರೆಗೆ ಎಲ್ಲರಿಗೂ ಅವನು ನಿಮಿಷದಣ್ಣ. ಕೆಲಸ, ವಾರ್ಡಿನಿಂದ ಆಪರೇಷನ್ ಥಿಯೇಟರಿಗೆ ಸ್ಟ್ರೆಚರ್ ತಳ್ಳುವುದು. ಇಪ್ಪತ್ತೆರಡು ವರ್ಷ ಅದೇ ಕಾರಿಡಾರು, ಅದೇ ಕಿರುಗುಟ್ಟುವ ಎಡಗಡೆಯ ಚಕ್ರ. ಆದರೆ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದದ್ದು ಸ್ಟ್ರೆಚರಿಗಲ್ಲ, ರಾಹುಕಾಲ ಕೇಳುವುದಕ್ಕೆ.

ನಗಬೇಡಿ. ಹೊಟ್ಟೆ ಕುಯ್ಯಿಸಿಕೊಳ್ಳಲು ಮಲಗಿದವರ ಪಕ್ಕದಲ್ಲಿ ಒಂದು ಸಲ ನಿಂತು ನೋಡಿ, ಆಮೇಲೆ ನಗುವಿರಂತೆ. ಎಂಥೆಂಥ ಓದಿದವರೂ ಸಹಿ ಹಾಕುವ ಪೆನ್ನು ಹಿಡಿದುಕೊಂಡು ಗೋಡೆಯ ಕ್ಯಾಲೆಂಡರಿನ ಕಡೆಗೆ ಕಳ್ಳನೋಟ ಬೀರುತ್ತಾರೆ. ಹೊತ್ತು ಸರಿಯಿಲ್ಲ ಅನ್ನಿಸಿದರೆ ಪೆನ್ನು ಕೆಳಗಿಡುತ್ತಾರೆ, ಅಷ್ಟೆ.

"ಸೋಮವಾರ ಏಳೂವರೆಯಿಂದ ಒಂಬತ್ತು ಅಲ್ವಾ ಅಣ್ಣಾ?" ಎಂದು ಯಾರಾದರೂ ಕೇಳಿದರೆ ಅವನಿಗೆ ಸಿಟ್ಟು ಮೂಗಿನ ತುದಿಯಲ್ಲೇ.

"ಅದು ಆರಕ್ಕೆ ಹುಟ್ಟಿ ಆರಕ್ಕೆ ಮುಳುಗೋ ಸೂರ್ಯನ ಲೆಕ್ಕ ಸ್ವಾಮಿ. ಸೂರ್ಯ ಏನು ನನ್ನ ಥರ ಟೈಮಿಗೆ ಬಂದು ಹಾಜರಿ ಹಾಕ್ತಾನಾ? ಪೇಪರ್ ನೋಡಿ. ನಮ್ಮೂರಲ್ಲಿ ಇವತ್ತು ಹುಟ್ಟೋದು ಎಷ್ಟೊತ್ತಿಗೆ, ಮುಳುಗೋದು ಎಷ್ಟೊತ್ತಿಗೆ? ಆ ಹಗಲನ್ನ ಎಂಟು ಪಾಲು ಮಾಡಿ. ಸೋಮವಾರ ಎರಡನೇದು ರಾಹುದು, ಶನಿವಾರ ಮೂರನೇದು, ಶುಕ್ರವಾರ ನಾಲ್ಕನೇದು, ಬುಧವಾರ ಐದು, ಗುರುವಾರ ಆರು, ಮಂಗಳವಾರ ಏಳು, ಭಾನುವಾರ ಕಟ್ಟಕಡೇದು. ಮೊದಲನೇ ಪಾಲು ಯಾವತ್ತೂ ಅವನಿಗಿಲ್ಲ. ಇಷ್ಟೇ ಕಣ್ರೀ, ಇದಕ್ಕೇನು ಬ್ರಹ್ಮವಿದ್ಯೆ ಬೇಕಾ?"

ಇದನ್ನು ಅವನಿಗೆ ಕಲಿಸಿದ್ದು ಒಬ್ಬ ನಿವೃತ್ತ ಗಣಿತದ ಮೇಷ್ಟ್ರು. ಸೊಂಟ ಮುರಿದುಕೊಂಡು ಮೂರು ತಿಂಗಳು ವಾರ್ಡಿನಲ್ಲಿ ಮಲಗಿದ್ದರು. "ಬೇರೆ ಊರಿನ ಸೂರ್ಯನ್ನ ಹಿಡಿದ್ಯೋ, ಲೆಕ್ಕ ಹಳ್ಳ ಹಿಡೀತು ಅಂತ ತಿಳ್ಕೋ" ಎನ್ನುತ್ತಿದ್ದರು. ಅವರು ಮನೆಗೆ ಹೋದರು, ಲೆಕ್ಕ ಇವನಲ್ಲಿ ಉಳಿಯಿತು. ದಿನಾ ಬೆಳಿಗ್ಗೆ ಪೇಪರಿನ ಮೂಲೆ ನೋಡಿ, ಕೈಗವಸಿನ ಖಾಲಿ ಡಬ್ಬಿಯಿಂದ ಹರಿದ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದು ಅಂಗಿಯ ಜೇಬಿಗೆ ಹಾಕಿಕೊಳ್ಳುವನು. ಒಂದು ನಿಮಿಷ ಆಚೀಚೆ ಆದದ್ದಿಲ್ಲ. ಡಾಕ್ಟರಮ್ಮ ನಂಬುತ್ತಿರಲಿಲ್ಲವಾದರೂ, ಇವನ ಚೀಟಿ ನೋಡಿದ ಮೇಲೆ ಜನ ಗಲಾಟೆಯಿಲ್ಲದೆ ಸಹಿ ಹಾಕುವುದರಿಂದ ಸುಮ್ಮನಿದ್ದರು.

ಅವನನ್ನು ಎಲ್ಲರಿಗಿಂತ ಹೆಚ್ಚು ನಂಬಿದವಳು ಅವನ ಹೆಂಡತಿ. ಅಂಗಿ ಒಗೆಯುವಾಗ ಜೇಬಿನಲ್ಲಿ ಸಿಕ್ಕ ಚೀಟಿಗಳನ್ನೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಡುತ್ತಿದ್ದಳು. "ರೀ, ಇವತ್ತೂ ರಾಹುನ ಬಕೆಟ್ಟಲ್ಲಿ ನೆನೆಹಾಕ್ತಿದ್ದೆ" ಎಂದು ನಗುವಳು. ನಗು ನಗುತ್ತಲೇ, ಹೊಸ ಬಟ್ಟೆಗೆ ಕತ್ತರಿ ಹಾಕಬೇಕಾದರೂ ಅವನನ್ನು ಕೇಳಿಯೇ ಹಾಕುವಳು.

ಆ ಸೋಮವಾರ ಬೆಳಗಿನ ಜಾವ ಅವಳಿಗೆ ಹೊಟ್ಟೆನೋವು ಬಂತು. ಆರು ಗಂಟೆಗೆ ಅವನೇ ಕರೆತಂದು ಅವನದೇ ವಾರ್ಡಿನಲ್ಲಿ ಮಲಗಿಸಿದ. ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು. ಕೂತಲ್ಲಿ ಕೂರಲಾರದೆ ಅವನು ಅಭ್ಯಾಸದಂತೆ ಪೇಪರು ತೆಗೆದು ರಟ್ಟಿನ ಮೇಲೆ ಬರೆದ. ಉದಯ ಆರು ಐವತ್ತೆರಡು, ಅಸ್ತ ಐದು ಐವತ್ತಾರು. ಹಗಲು ಹನ್ನೊಂದು ಗಂಟೆ ನಾಲ್ಕು ನಿಮಿಷ. ಎಂಟರಲ್ಲಿ ಒಂದು ಪಾಲು ಎಂಬತ್ತಮೂರು ನಿಮಿಷ. ಎಂಟೂ ಹದಿನೈದಕ್ಕೆ ಶುರು, ಒಂಬತ್ತು ಮೂವತ್ತೆಂಟಕ್ಕೆ ಮುಕ್ತಾಯ. ಬರೆದು ಜೇಬಿಗೆ ಹಾಕಿದ. ಹಾಳಾದ ಕೈ, ಅವತ್ತೊಂದು ದಿನ ಸುಮ್ಮನಿರಬಾರದಿತ್ತೇ!

ಎಂಟೂ ಮುಕ್ಕಾಲಿಗೆ ಡಾಕ್ಟರಮ್ಮ ಬಂದರು. "ಕರುಳು ತಿರುಚಿಕೊಂಡಿದೆ. ರಕ್ತ ಓಡ್ತಿಲ್ಲ. ಒಂಬತ್ತಕ್ಕೆ ಒಳಗೆ ತಗೋತೀನಿ, ತಡ ಮಾಡೋ ಹಾಗಿಲ್ಲ. ಸಹಿ ಹಾಕಿಸು" ಎಂದು ಹೇಳಿ ಕೈ ತೊಳೆಯಲು ಹೋದರು.

ಹೆಂಡತಿ ಪೆನ್ನು ಹಿಡಿದುಕೊಂಡು ಅವನ ಮುಖ ನೋಡಿದಳು. "ರೀ, ಇವತ್ತು ಸೋಮವಾರ."

"ಒಂಬತ್ತಕ್ಕೆ ಮುಗಿಯತ್ತೆ ಕಣೇ. ಏಳೂವರೆಯಿಂದ ಒಂಬತ್ತು. ಕ್ಯಾಲೆಂಡರಲ್ಲೇ ಇದೆ ನೋಡು."

ಆ ನೋವಿನಲ್ಲೂ ಅವಳ ಹುಬ್ಬು ಮೇಲೇರಿತು. ಇಪ್ಪತ್ತೆರಡು ವರ್ಷದಲ್ಲಿ ಗಂಡನ ಬಾಯಲ್ಲಿ ಕ್ಯಾಲೆಂಡರಿನ ಮಾತು ಅವಳು ಕೇಳಿದ್ದು ಅದೇ ಮೊದಲು. ಸೂಜಿ ಚುಚ್ಚಿದ ಕೈಯನ್ನು ಮೆಲ್ಲಗೆ ಚಾಚಿ ಅವನ ಜೇಬಿನಿಂದ ಚೀಟಿ ಎಳೆದು ಓದಿದಳು.

"ಒಂಬತ್ತು ಮೂವತ್ತೆಂಟು" ಎಂದಳು. "ಊರಿನವರಿಗೆಲ್ಲ ನಿಜ ಹೇಳಿ ನನಗೆ ಸುಳ್ಳು ಹೇಳ್ತೀರಾ?"

'ತಪ್ಪು ಬರ್ದಿದೀನಿ ಕಣೇ.' ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಮಾತು ಗಂಟಲವರೆಗೆ ಬಂತು ಕೂಡ. ಆದರೆ ಆ ಮಾತನ್ನು ಅವನು ಜನ್ಮದಲ್ಲಿ ಯಾರಿಗೂ ಹೇಳಿರಲಿಲ್ಲ. ನಾಲಿಗೆ ಹೊರಳಲಿಲ್ಲ. ಜೊತೆಗೆ ಒಳಗೆಲ್ಲೋ ಅವನಿಗೂ ಹೆದರಿಕೆ: ಎಷ್ಟೋ ಜನರನ್ನು ಒಳ್ಳೆಯ ಹೊತ್ತಿಗೆ ಒಳಗೆ ತಳ್ಳಿ, ತನ್ನವಳನ್ನೇ ಕೆಟ್ಟ ಹೊತ್ತಿಗೆ ತಳ್ಳುವುದೇ?

"ಮೂವತ್ತೆಂಟು ನಿಮಿಷ ತಾನೇ" ಎಂದಳು ಅವಳು. "ತಡ್ಕೋತೀನಿ ಬಿಡಿ."

ಅವನು ಹೋಗಿ ಹೇಳಿದ. ಡಾಕ್ಟರಮ್ಮ ಕೆಂಡವಾದರು. "ನಿನಗೆ ತಲೆ ನೆಟ್ಟಗಿದೆಯೇನಯ್ಯಾ? ಬೇರೆಯವರು ಅಂದ್ರೆ ಸರಿ, ನೀನು!" ಬಂದು ಅವಳಿಗೆ ಗದರಿಸಿದರು, ಪುಸಲಾಯಿಸಿದರು. ಅವಳು ಪೆನ್ನು ಮುಟ್ಟಲಿಲ್ಲ. ಅವನು ಬಾಯಿ ಬಿಡಲಿಲ್ಲ.

ಒಂಬತ್ತೂ ಹತ್ತಕ್ಕೆ ಆಂಬುಲೆನ್ಸ್ ಬಂತು. ರಸ್ತೆ ಅಪಘಾತ, ಗುಲ್ಮ ಒಡೆದು ಹೊಟ್ಟೆಯೊಳಗೆಲ್ಲ ರಕ್ತ. ಆ ಆಸ್ಪತ್ರೆಗೆ ಇದ್ದದ್ದು ಒಂದೇ ಥಿಯೇಟರು, ಒಬ್ಬರೇ ಸರ್ಜನ್. ಖಾಲಿ ಇದ್ದ ಮೇಜಿಗೆ ಆ ಮನುಷ್ಯನನ್ನು ತಗೊಂಡು ಬಾ ಅಂದರು. ತಗೊಂಡು ಹೋಗಬೇಕಾದವನು ಯಾರು? ನಿಮಿಷದಣ್ಣನೇ. ಹೆಂಡತಿಯ ಮಂಚದ ಪಕ್ಕದಿಂದಲೇ ಸ್ಟ್ರೆಚರ್ ತಳ್ಳಿಕೊಂಡು ಹೋದ. ಅವಳು ಕಣ್ಣು ಮುಚ್ಚಿಕೊಂಡೇ, "ಹುಷಾರು, ಚಕ್ರ ಎಳೀತಿದೆ" ಎಂದಳು.

ಒಂಬತ್ತು ಮೂವತ್ತೆಂಟು ಆಯಿತು. ಅವಳು ಸಹಿ ಹಾಕಿದಳು. ಥಿಯೇಟರಿನ ಕೆಂಪು ದೀಪ ಆರಲಿಲ್ಲ. ಹತ್ತಾಯಿತು, ಹನ್ನೊಂದಾಯಿತು. ಅವಳ ನೋವು ಒಮ್ಮೆಲೇ ಕಡಿಮೆಯಾಯಿತು. "ನೋಡಿದ್ರಾ, ಹೊತ್ತು ಕಳೀತು, ಹಗುರಾಯ್ತು" ಎಂದಳು. ನರ್ಸ್ ಮುಖ ತಿರುಗಿಸಿಕೊಂಡಳು. ನೋವು ಹಾಗೆ ನಿಂತರೆ ಏನರ್ಥವೆಂದು ಅವನಿಗೂ ಗೊತ್ತಿತ್ತು.

ಒಳಗೆ ಕರೆದೊಯ್ದಾಗ ಹನ್ನೆರಡಕ್ಕೆ ಹತ್ತು ನಿಮಿಷ. ಕರುಳು ಕಪ್ಪಾಗಿತ್ತು. ಮರುದಿನ ಸಂಜೆ ಅವಳು ಹೋದಳು. ಅಪಘಾತದ ಮನುಷ್ಯ ಬದುಕಿಕೊಂಡ.

ಮೂರನೆಯ ವಾರದ ಶನಿವಾರ ಅವನು ಕೆಲಸಕ್ಕೆ ಬಂದ. ಜೇಬು ಖಾಲಿ. ಪೇಪರು ಕೈಯಲ್ಲಿ ಹಿಡಿಯಲಿಲ್ಲ. ಆದರೆ ಟೀ ಅಂಗಡಿಯ ಬಾಗಿಲಲ್ಲಿ ನೇತಾಡುತ್ತಿದ್ದ ಪೇಪರಿನ ಮೂಲೆಗೆ ಕಣ್ಣು ತಾನಾಗಿಯೇ ಹೋಗಿತ್ತು. ಆರು ಐವತ್ತನಾಲ್ಕು, ಆರು ಆರು. ಪಾಲು ಎಂಬತ್ತನಾಲ್ಕು.

ಹತ್ತು ಗಂಟೆಗೆ ಕರೆ ಬಂತು. ಇಪ್ಪತ್ತರ ಹುಡುಗಿ, ಅಪೆಂಡಿಕ್ಸು. ಅವಳ ತಾಯಿ ಕಾಗದ ಎದೆಗೆ ಅವಚಿಕೊಂಡು ಅಡ್ಡ ನಿಂತಳು.

"ಅಣ್ಣಾ, ಕ್ಯಾಲೆಂಡರಲ್ಲಿ ಒಂಬತ್ತರಿಂದ ಹತ್ತೂವರೆ ಅಂತಿದೆ. ನೀವು ಹೇಳಿದ್ದೇ ಸರಿಯಂತೆ, ಎಲ್ರೂ ಅಂದ್ರು. ಇವತ್ತು ಎಷ್ಟೊತ್ತಿಗೆ ಮುಗಿಯತ್ತೆ?"

ಒಂಬತ್ತು ನಲವತ್ತೆರಡರಿಂದ ಹನ್ನೊಂದು ಆರು. ಲೆಕ್ಕ ಅವನ ತಲೆಯಲ್ಲಿ ಒಂದು ನಿಮಿಷವೂ ತಪ್ಪದೆ ನಿಂತಿತ್ತು.

"ಆಗ್ಲೇ ಮುಗೀತಮ್ಮಾ" ಎಂದ ನಿಮಿಷದಣ್ಣ. "ಇವತ್ತು ಸೂರ್ಯ ಬೇಗ ಹುಟ್ಟಿದ್ದ. ಸಹಿ ಹಾಕು."

ಅವಳು ಹಾಕಿದಳು. ಅವನು ಸ್ಟ್ರೆಚರ್ ತಳ್ಳಿದ.