ಬ್ಯಾಟರಿಗೆ ಕುದಿಸಿದ ನೀರು

ನಮ್ಮ ಕಾರಿನ ಹಳೆಯ ಬ್ಯಾಟರಿ ಪುಣೆಯ ಬಿಸಿಲಿಗೆ ಕೆಟ್ಟಿತೆಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬಿಸಿಲು ಪಕ್ಕದ ಮನೆಯವರ ಕಾರಿಗೂ ಬಿದ್ದಿತ್ತು.

ಮೊನ್ನೆ ಕಾಕಾ ಹೊಸ ಬ್ಯಾಟರಿಯ ಮುಚ್ಚಳ ತೆರೆದು, ಹಳೆಯದಕ್ಕೆ ಹಾಕುತ್ತಿದ್ದಂತೆಯೇ ಕುದಿಸಿ ಆರಿಸಿದ ನಳದ ನೀರು ಎತ್ತಿಕೊಂಡರು. ನಾನು ಡಿಸ್ಟಿಲ್ಡ್ ವಾಟರ್ ಬಾಟಲಿ ಹಿಡಿದು ಅಡ್ಡ ನಿಂತೆ.

"ಕುದಿಸೇನಲ್ಲ ವಕೀಲಸಾಹೇಬ್ರ, ಇನ್ನೇನು ವಾದ?"

"ಕುದಿಸಿದ್ರ ಹುಳ ಸಾಯ್ತಾವ್ರಿ, ಉಪ್ಪು ಎಲ್ಲಾ ಹೋಗೂದಿಲ್ಲ. ಬ್ಯಾಟರ್‍ಯಾಗ ಕಡಿಮಿ ಆಗೂದು ನೀರು ಅಷ್ಟ. ಉಪ್ಪು, ಕಬ್ಬಿಣ ಒಳಗ ಕೂಡ್ಕೊಂತ ಹೋಗಿ ಪ್ಲೇಟ್ ಕೆಡಸ್ತಾವ."

"ಭಾಳ ಓದೀದಿ ಬಿಡು!"

ಸ್ಟೀಲ್ ತಟ್ಟೆಯ ಮೇಲೆ ಎರಡೂ ನೀರಿನ ಹನಿಗಳನ್ನು ಹಾಕಿ ಬಿಸಿಲಿಗಿಟ್ಟೆ. ಡಿಸ್ಟಿಲ್ಡ್ ನೀರು ಗುರುತಿಲ್ಲದೆ ಆರಿತು. ಕುದಿಸಿದ ನೀರು ಬಿಳಿ ಕಲೆ ಬಿಟ್ಟಿತು. ತಟ್ಟೆಯನ್ನು ಕಾಕಾನ ಮುಂದೆ ಹಿಡಿದೆ.

"ಹಳೇ ಬ್ಯಾಟರ್‍ಯಾಗ ಈ ಕಲಿ ಎಲ್ಲಿ ಹೋಗಿತ್ರಿ, ಕಾಕಾ?"